ಹಳೆಯ ಕೇಸ್ ಶೀಟು, ಕೇಳದ ಒಪ್ಪಿಗೆ

ಹಳೆಯ ರೋಗಿಗಳ ಫೈಲು ತೆರೆದು ಅಧ್ಯಯನ ಮಾಡಬೇಕೆನ್ನುವ ಪಿಜಿ ವೈದ್ಯರು ಎಥಿಕ್ಸ್ ಕಮಿಟಿಗೆ ಒಂದು ಪತ್ರ ಬರೆಯುತ್ತಾರೆ. ಅದರ ತಿರುಳು ಬಹುತೇಕ ಎಲ್ಲ ಕಡೆಯೂ ಒಂದೇ: 'ಇದು ಹಿಂದಿನ ದಾಖಲೆಗಳ ಅಧ್ಯಯನವಾದ್ದರಿಂದ ರೋಗಿಗಳ ಒಪ್ಪಿಗೆ ಪಡೆಯುವುದರಿಂದ ವಿನಾಯಿತಿ ಕೋರುತ್ತೇನೆ. ರೋಗಿಗಳ ಗುರುತನ್ನು ಗೋಪ್ಯವಾಗಿಡಲಾಗುವುದು.' ಈ ಎರಡು ವಾಕ್ಯಗಳಲ್ಲಿ ಮೊದಲನೆಯದು ಕಾರಣವೇ ಅಲ್ಲ. ಎರಡನೆಯದನ್ನು ಹಾಗೇ ನಂಬುವಂತಿಲ್ಲ.

ಮಂಡ್ಯದ ನೆಲಕ್ಕೆ ಹೊಂದುವ ಒಂದು ಅಧ್ಯಯನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಕಬ್ಬು, ಭತ್ತದ ಸೀಮೆ ಇದು. ಕೀಟನಾಶಕ ಮನೆಮನೆಯಲ್ಲೂ ಕೈಗೆ ಸಿಗುತ್ತದೆ. ಆರ್ಗನೋಫಾಸ್ಫೇಟ್ ವಿಷ ಸೇರಿದವರು ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ, ಸ್ಥಿತಿ ಬಿಗಡಾಯಿಸಿದರೆ ಮಂಡ್ಯದ ಮಿಮ್ಸ್‌ಗೆ ರವಾನೆಯಾಗುತ್ತಾರೆ. ಮದ್ದೂರಿನಿಂದ ಹೆದ್ದಾರಿಯಲ್ಲಿ ಸುಮಾರು 20 ಕಿಲೋಮೀಟರ್. ಮಳವಳ್ಳಿಯ ದಾರಿ ಅದಕ್ಕಿಂತ ಉದ್ದ. ಅಧ್ಯಯನದ ಪ್ರಶ್ನೆ ಇದು: ತಾಲ್ಲೂಕು ಆಸ್ಪತ್ರೆಯಲ್ಲೇ ಅಟ್ರೋಪಿನ್ ಶುರುವಾದವರಿಗೂ ಮಂಡ್ಯ ತಲುಪಿದ ಮೇಲಷ್ಟೇ ಶುರುವಾದವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸವಿದೆಯೇ? 2016ರಿಂದ 2020ರವರೆಗಿನ ಕೇಸ್ ಶೀಟುಗಳು ಬೇಕು. ಪ್ರಶ್ನೆ ಒಳ್ಳೆಯದು, ಉತ್ತರ ಸಿಕ್ಕರೆ ತಾಲ್ಲೂಕು ಆಸ್ಪತ್ರೆಗಳಿಗೆ ನೇರವಾಗಿ ಉಪಯೋಗ.

ಈಗ ಪತ್ರಕ್ಕೆ ಬರೋಣ. ಫೈಲು ಹಳೆಯದು ಎಂಬುದರಿಂದಲೇ ಒಪ್ಪಿಗೆಯ ಹಕ್ಕು ಅಳಿಯುವುದಿಲ್ಲ. ಐಸಿಎಂಆರ್ 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿ ವಿನಾಯಿತಿಗೆ ದಾರಿ ಕೊಟ್ಟಿದೆ: ವಿನಾಯಿತಿ ಇಲ್ಲದೆ ಅಧ್ಯಯನ ನಡೆಸುವುದು ಕಾರ್ಯಸಾಧ್ಯವಲ್ಲ, ಅದಕ್ಕೆ ವೈಜ್ಞಾನಿಕ ಸಮರ್ಥನೆಯೂ ಇದೆ ಎಂದಾಗ, ಅಥವಾ ಹಿಂದಿನ ದಾಖಲೆಗಳಲ್ಲಿ ಗುರುತು ತೆಗೆದಿದ್ದಾಗ, ಇಲ್ಲವೇ ರೋಗಿಗಳನ್ನು ಸಂಪರ್ಕಿಸಲಾಗದಿದ್ದಾಗ. ಅಂದರೆ ಪತ್ರ ತೋರಿಸಿಕೊಡಬೇಕಾದದ್ದು ಇವುಗಳಲ್ಲಿ ಒಂದನ್ನು. 'ರೋಗಿಗಳು ತುಂಬಾ ಮಂದಿ, ನಮಗೆ ಸಮಯವಿಲ್ಲ' ಎಂಬುದು ಸಂಶೋಧಕರ ಅನನುಕೂಲವಷ್ಟೇ.

ನಮ್ಮ ಉದಾಹರಣೆಯಲ್ಲಿ ನಿಜವಾದ ಕಾರಣ ಎರಡಿವೆ. ಒಂದು, ಸತ್ತವರ ಒಪ್ಪಿಗೆ ಕೇಳಲಾಗುವುದಿಲ್ಲ. ಬದುಕಿ ಸಿಕ್ಕವರನ್ನು ಮಾತ್ರ ಸೇರಿಸಿಕೊಂಡರೆ, ಯಾರು ಬದುಕಿದರು ಎಂಬ ಪ್ರಶ್ನೆಗೇ ತಪ್ಪು ಉತ್ತರ ಬರುತ್ತದೆ. ಇನ್ನೊಂದು ಇದಕ್ಕಿಂತ ಭಾರವಾದದ್ದು, ಮಾಮೂಲಿ ಪತ್ರದಲ್ಲಿ ಇದರ ಸುಳಿವೇ ಇರುವುದಿಲ್ಲ. ಇಂಥ ಫೈಲುಗಳಲ್ಲಿ ಹೆಚ್ಚಿನವು ಎಂಎಲ್‌ಸಿ. ಒಳಗೆ ಪೊಲೀಸರಿಗೆ ಕೊಟ್ಟ ಮಾಹಿತಿ ಪತ್ರವೂ ಇರುತ್ತದೆ. 2018ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬರುವವರೆಗೂ ಸಾಯಲು ಯತ್ನಿಸಿದವರ ಮೇಲೆ ಕೇಸು ಹಾಕುವುದಕ್ಕೆ ಕಾನೂನಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಹಾಗಾಗಿ ಎಷ್ಟೋ ಮನೆಯವರು 'ಔಷಧಿ ಹೊಡೆಯುವಾಗ ಮೂಗಿಗೆ ಹೋಯಿತು' ಎಂದೇ ಬರೆಸಿದರು. ಅಂಥ ಮನೆಗೆ ಇಷ್ಟು ವರ್ಷಗಳ ಮೇಲೆ ಆಸ್ಪತ್ರೆಯಿಂದ ಫೋನೋ ಕಾಗದವೋ ಬಂದರೆ ಏನಾಗುತ್ತದೆ? ಅಂದು ವಿಷ ಕುಡಿದ ಹುಡುಗಿಗೆ ಈಗ ಮದುವೆಯಾಗಿರಬಹುದು, ಗಂಡನ ಮನೆಯವರಿಗೆ ಸಂಗತಿ ಗೊತ್ತಿಲ್ಲದಿರಬಹುದು. ಇಲ್ಲಿ ಒಪ್ಪಿಗೆ ಕೇಳುವುದೇ ಗುಟ್ಟು ಹೊರಹಾಕುವ ಕೆಲಸವಾಗುತ್ತದೆ. ವಿನಾಯಿತಿ ಕೇಳಲು ಇದಕ್ಕಿಂತ ಗಟ್ಟಿ ಕಾರಣ ನನಗೆ ತೋಚುವುದಿಲ್ಲ, ಪತ್ರದ ಮೊದಲ ಪ್ಯಾರಾದಲ್ಲೇ ಇದು ಇರಬೇಕು.

ಗೋಪ್ಯತೆಯ ಮಾತು ನಿಜವೋ ಅಲ್ಲವೋ ಎಂದು ತಿಳಿಯಲು ನಾನು ಪತ್ರಕ್ಕಿಂತ ಮೊದಲು ಅದರ ಹಿಂದೆ ಲಗತ್ತಿಸಿದ ಪ್ರೊಫಾರ್ಮಾ ಓದುತ್ತೇನೆ. ಫೈಲಿನಿಂದ ಏನೇನು ಬರೆದುಕೊಳ್ಳುತ್ತಾರೆ ಎಂಬ ಹಾಳೆ ಅದು, ಸುಳ್ಳಿದ್ದರೆ ಅಲ್ಲೇ ಗೊತ್ತಾಗುತ್ತದೆ. ಪತ್ರದಲ್ಲಿ 'ಗುರುತು ಇರುವುದಿಲ್ಲ' ಎಂದಿರುತ್ತದೆ. ಹಾಳೆಯಲ್ಲಿ ಹೆಸರು ತೆಗೆದಿದ್ದರೂ ಐಪಿ ನಂಬರು, ಎಂಎಲ್‌ಸಿ ನಂಬರು, ವಯಸ್ಸು, ಜಾತಿ, ಊರು, ದಾಖಲಾದ ತಾರೀಖು ಎಲ್ಲ ಉಳಿದಿರುತ್ತವೆ. ಮಳವಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ, 19ರ ಹೆಣ್ಣು, ಇಂಥ ತಿಂಗಳು ಎಂದರೆ ಆ ಊರಿನವರಿಗೆ ಹೆಸರು ಹೇಳಬೇಕಾಗಿಲ್ಲ. ಜಿಲ್ಲಾ ಪತ್ರಿಕೆಗಳು ಇಂಥ ಸುದ್ದಿಯನ್ನು ಊರಿನ ಹೆಸರಿನೊಂದಿಗೆ ಹಾಕುವುದುಂಟು. ಅದರ ಪಕ್ಕ ಪ್ರಬಂಧದ ಕೋಷ್ಟಕ ಇಟ್ಟರೆ ಮುಗಿಯಿತು.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಅಧ್ಯಯನಕ್ಕೆ ತಾರೀಖು ಬೇಕಿಲ್ಲ, ವಿಷ ಸೇರಿದ ಹೊತ್ತಿನಿಂದ ಮೊದಲ ಅಟ್ರೋಪಿನ್‌ವರೆಗೆ ಎಷ್ಟು ಗಂಟೆ ಎಂಬುದು ಸಾಕು. ಊರು ಬೇಡ, ಆಸ್ಪತ್ರೆಗೆ ಎಷ್ಟು ದೂರ ಎಂಬುದು ಸಾಕು. ವಯಸ್ಸನ್ನು ಐದು ವರ್ಷದ ಗುಂಪಾಗಿ ಬರೆಯಬಹುದು. ಜಾತಿ ಈ ಪ್ರಶ್ನೆಗೆ ಸಂಬಂಧಿಸಿದ್ದೇ ಅಲ್ಲ. ಹಳೆಯ ಪ್ರೊಫಾರ್ಮಾ ನಕಲು ಮಾಡುವಾಗ ಉಳಿದುಕೊಂಡದ್ದು, ಹೊಡೆದುಹಾಕಬೇಕು. ಕೋಷ್ಟಕದ ಒಂದು ಮನೆಯಲ್ಲಿ ಐವರಿಗಿಂತ ಕಡಿಮೆ ಮಂದಿ ಬಿದ್ದರೆ ಪಕ್ಕದ ಗುಂಪಿಗೆ ಸೇರಿಸಬೇಕು. ತಪ್ಪು ತಿದ್ದಲು ಫೈಲನ್ನು ಮತ್ತೆ ನೋಡಬೇಕಾಗಬಹುದು, ಆದ್ದರಿಂದ ಕ್ರಮಸಂಖ್ಯೆಗೂ ಐಪಿ ನಂಬರಿಗೂ ನಂಟು ಹೇಳುವ ಪಟ್ಟಿ ಒಂದು ಬೇಕಾಗುತ್ತದೆ. ಅದು ಇರುವವರೆಗೂ ಮಾಹಿತಿ ಅನಾಮಧೇಯವಲ್ಲ, ಸಂಕೇತ ಹಾಕಿದ್ದು ಅಷ್ಟೇ. ಪತ್ರ ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಪಟ್ಟಿ ಯಾರ ಬೀರುವಿನಲ್ಲಿರುತ್ತದೆ, ಯಾವಾಗ ನಾಶವಾಗುತ್ತದೆ ಎಂದು ಬರೆಯಬೇಕು. ಪೆನ್‌ಡ್ರೈವಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಓಡಾಡುವ ಎಕ್ಸೆಲ್ ಶೀಟಿಗೆ ಯಾವ ಭರವಸೆಯೂ ಅನ್ವಯಿಸುವುದಿಲ್ಲ.

ಒಳ್ಳೆಯ ಪತ್ರದ ನಡುಭಾಗ ಹೀಗಿರಬಹುದು: 'ಈ ರೋಗಿಗಳಲ್ಲಿ ಕೆಲವರು ತೀರಿಕೊಂಡಿದ್ದಾರೆ. ಉಳಿದವರನ್ನು ಸಂಪರ್ಕಿಸಿದರೆ ಮನೆಯವರಿಗೆ ಗೊತ್ತಿಲ್ಲದ ಸಂಗತಿ ಗೊತ್ತಾಗುವ ಅಪಾಯವಿದೆ. ರೆಕಾರ್ಡ್ ಸೆಕ್ಷನ್‌ನಿಂದ ಫೈಲು ಹೊರಗೆ ಒಯ್ಯುವುದಿಲ್ಲ. ಫೈಲು ತೆರೆಯುವವರು ನಾನು ಮತ್ತು ನನ್ನ ಗೈಡ್ ಮಾತ್ರ. ಪೊಲೀಸ್ ಮಾಹಿತಿ ಪತ್ರ, ಮನೋವೈದ್ಯರ ಟಿಪ್ಪಣಿ ಓದುವುದಿಲ್ಲ. ಹೆಸರು, ಊರು, ಫೋನ್ ನಂಬರು, ಜಾತಿ ಬರೆದುಕೊಳ್ಳುವುದಿಲ್ಲ. ಮುಂದೆ ಯಾರನ್ನಾದರೂ ಸಂಪರ್ಕಿಸಬೇಕೆನಿಸಿದರೆ ಮತ್ತೆ ಸಮಿತಿಯ ಮುಂದೆ ಬರುತ್ತೇನೆ.' ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ಸದಸ್ಯರೂ ಇರುತ್ತಾರೆ. ಇಂಥ ಪತ್ರವನ್ನು ಅವರು ಓದಿ ಪ್ರಶ್ನೆ ಕೇಳಬಲ್ಲರು.

ಎರಡು ಗೊಂದಲಗಳನ್ನು ಹೇಳದೆ ಬಿಡಲಾರೆ. ಒಪ್ಪಿಗೆಯಿಂದ ವಿನಾಯಿತಿ ಎಂದರೆ ಸಮಿತಿಯ ಪರಿಶೀಲನೆಯಿಂದ ವಿನಾಯಿತಿ ಅಲ್ಲ. ಶೀಘ್ರ ಪರಿಶೀಲನೆ ಸಿಗಬಹುದು, ಆದರೆ ಅದನ್ನು ತೀರ್ಮಾನಿಸುವುದು ಸಂಶೋಧಕರಲ್ಲ. ಸಮಿತಿಯ ಅನುಮತಿ ಫೈಲಿನ ಬೀಗದ ಕೈಯೂ ಅಲ್ಲ. ಮಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗಿನ ಸಂಸ್ಥೆ; ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ಅಲ್ಲಿನ ಫೈಲು ತೆರೆಯಲು ಅಲ್ಲಿನ ಆಡಳಿತ ವೈದ್ಯಾಧಿಕಾರಿಯ ಬರಹದ ಅನುಮತಿ ಬೇರೆ ಬೇಕು, ಅದು ಪತ್ರದ ಜೊತೆಗೇ ಇರಬೇಕು.

ಇನ್ನು ತಾರೀಖಿನ ಮಾತು. ಮಾಹಿತಿ ಬರೆದುಕೊಂಡು ಮುಗಿಸಿ, ಜರ್ನಲ್‌ನವರು ಕೇಳಿದರೆಂದು ಆಮೇಲೆ ಪತ್ರ ಕೊಡುವ ರೂಢಿ ಇದೆ. ಆಗಿಹೋದ ಕೆಲಸಕ್ಕೆ ಸಮಿತಿ ಹಿಂದಿನ ದಿನಾಂಕದಿಂದ ಅನುಮತಿ ಕೊಡಬಾರದು. ಪ್ರೊಫಾರ್ಮಾದಲ್ಲಿ ಮೊದಲ ರೋಗಿಯ ವಿವರ ತುಂಬಿದ ದಿನವನ್ನೂ ಸಮಿತಿಯ ಅನುಮತಿಯ ದಿನವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಪತ್ರ ಯಾವಾಗ ಬರೆದದ್ದೆಂದು ತಿಳಿಯುತ್ತದೆ.