ಸಮಜಾಯಿಷಿಯ ಒಂದು ವಾಕ್ಯ

ಒಬ್ಬೊಬ್ಬರೇ ಮಾಡಬೇಕಾದ ಅಸೈನ್‌ಮೆಂಟನ್ನು ಅನುಮತಿಯಿಲ್ಲದೆ ಇನ್ನೊಬ್ಬರೊಡನೆ ಸೇರಿ ಮಾಡುವುದನ್ನು ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಕೊಲ್ಯೂಷನ್ ಎಂದು ಕರೆಯುತ್ತವೆ. ಈ ಆರೋಪ ಹೊತ್ತ ವಿದ್ಯಾರ್ಥಿಯು ವಿಚಾರಣೆಗೆ ಮೊದಲು ಸಲ್ಲಿಸುವ ಲಿಖಿತ ಹೇಳಿಕೆಗೆ, ಹಿರಿಯರಿಂದ ಕಿರಿಯರಿಗೆ ಕೈದಾಟಿಕೊಂಡು ಬಂದ ಒಂದು ಮಾದರಿಯಿದೆ. ಆರಂಭದಲ್ಲಿ ಸಚ್ಚಾರಿತ್ರ್ಯದ ವರ್ಣನೆ, ಬಳಿಕ ಶಿಕ್ಷಣಸಾಲ ಮತ್ತು ವೀಸಾದ ಆತಂಕ, ಕೊನೆಗೆ ಕ್ಷಮಾಯಾಚನೆ, ಇವುಗಳ ನಡುವೆ ಘಟನೆಯ ಬಗ್ಗೆ ಒಂದೇ ವಾಕ್ಯ: "ನಾವು ವಿಷಯವನ್ನು ಚರ್ಚಿಸಿದೆವು ಅಷ್ಟೆ, ಬರೆದದ್ದು ಪ್ರತ್ಯೇಕವಾಗಿಯೇ." ವಿನಯಕ್ಕೂ ಪ್ರಾಮಾಣಿಕತೆಗೂ ಹೆಸರಾದ ಈ ಮಾದರಿಗೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು.

ದೋಷವಿರುವುದು ಆ ಒಂದೇ ವಾಕ್ಯದಲ್ಲಿ. ಪ್ರಶ್ನೆಯನ್ನು ಜೊತೆಯಾಗಿ ಓದುವುದು, ವಿಧಾನವನ್ನು ಮಾತಾಡಿಕೊಳ್ಳುವುದು, ಪರದೆಯ ಮೇಲೆ ಕೆಲಸವನ್ನು ತೋರಿಸುವುದು, ಫೈಲನ್ನೇ ಕಳಿಸುವುದು ಎಂಬ ನಾಲ್ಕು ಬೇರೆ ಬೇರೆ ಕ್ರಿಯೆಗಳು "ಚರ್ಚಿಸಿದೆವು" ಎಂಬ ಪದದಲ್ಲಿ ಅಡಗಿವೆ. ಅಸೈನ್‌ಮೆಂಟಿನ ಸೂಚನಾಪತ್ರವು ಮೊದಲೆರಡನ್ನು ಒಪ್ಪಿ ಕೊನೆಯೆರಡನ್ನು ನಿಷೇಧಿಸಿರಬಹುದು. "ಪ್ರತ್ಯೇಕವಾಗಿ" ಎಂಬುದು ಟೈಪು ಮಾಡಿದ ಕೈಯ ಕುರಿತ ಮಾತೋ ಯೋಚನೆಯ ಮೂಲದ ಕುರಿತ ಮಾತೋ ತಿಳಿಯುವುದಿಲ್ಲ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು "ನಾವು": ಬರೆದವರು ತಾವು ಕಾಣದ ಇನ್ನೊಬ್ಬರ ಕೆಲಸಕ್ಕೂ ಸಾಕ್ಷಿ ನುಡಿದಂತಾಗುತ್ತದೆ, ಇಬ್ಬರ ಹೇಳಿಕೆಗಳಲ್ಲೂ ಅದೇ ವಾಕ್ಯವಿದ್ದರೆ ಹೇಳಿಕೆಗಳನ್ನೂ ಕೂಡಿಯೇ ಬರೆದರೆಂಬ ಅನುಮಾನ ಹುಟ್ಟುತ್ತದೆ.

ಒಂದು ಕಲ್ಪಿತ ಪ್ರಕರಣದಿಂದ ಇದು ಸ್ಪಷ್ಟವಾಗುತ್ತದೆ. ಇಬ್ಬರು ವಿದ್ಯಾರ್ಥಿನಿಯರ ಪೈಥಾನ್ ಪ್ರೋಗ್ರಾಮುಗಳಲ್ಲಿ `totl` ಎಂಬ ತಪ್ಪು ಕಾಗುಣಿತದ ಹೆಸರೂ, ಪಟ್ಟಿಯ ಗಡಿಯನ್ನು ಒಂದು ಹೆಜ್ಜೆ ದಾಟುವ `range(len(a) + 1)` ಎಂಬ ಸಾಲೂ ಇವೆ ಎಂದಿಟ್ಟುಕೊಳ್ಳಬಹುದು. ಹೋಲಿಕೆಯ ಶೇಕಡಾವಾರು ಎಷ್ಟೆಂಬ ವಾದ ಇಲ್ಲಿ ವ್ಯರ್ಥ. ಬರ್ಕ್ಲಿಯಲ್ಲಿ 1994ರಲ್ಲಿ ರೂಪುಗೊಂಡ MOSS ನಂತಹ ತಂತ್ರಾಂಶವು ಎಲ್ಲಿ ನೋಡಬೇಕೆಂದು ತೋರಿಸುತ್ತದೆಯೇ ಹೊರತು ಅಪರಾಧವನ್ನು ಸಾಬೀತು ಮಾಡುವುದಿಲ್ಲ. ಸಮಿತಿಯನ್ನು ಕಾಡುವುದು ಇಬ್ಬರಿಗೂ ಒಂದೇ ತಪ್ಪು ಹೇಗೆ ಬಂತೆಂಬ ಪ್ರಶ್ನೆ. ಅಧ್ಯಾಪಕರು ಕೊಟ್ಟ ಲ್ಯಾಬ್ ಹಾಳೆಯಲ್ಲೇ ಆ ತಪ್ಪುಗಳಿದ್ದರೆ, ಹಾಳೆಯನ್ನು ಲಗತ್ತಿಸಿದರೆ ಆರೋಪದ ಆಧಾರವೇ ಬಹುಪಾಲು ಕುಸಿಯುತ್ತದೆ. ಮಂಗಳವಾರ ಸಂಜೆ ಗ್ರಂಥಾಲಯದಲ್ಲಿ ಒಬ್ಬಾಕೆ ಹತ್ತು ನಿಮಿಷ ಪರದೆ ತೋರಿಸಿದ್ದೇ ನಿಜವಾದರೆ, ನೋಡಿದಾಕೆಯ ಹೇಳಿಕೆಯಲ್ಲಿ ದಿನ, ಜಾಗ, ನೋಡಿದ ಸಾಲುಗಳು, ಫೈಲು ಪಡೆಯಲಿಲ್ಲವೆಂಬ ಮಾತು, ಉಳಿದ ಭಾಗವನ್ನು ಬುಧವಾರದಿಂದ ಶುಕ್ರವಾರದವರೆಗೆ ತಾನೇ ಬರೆದದ್ದಕ್ಕೆ ಉಳಿಸಿದ ಆವೃತ್ತಿಗಳು, ಇಷ್ಟೂ ಇರಬೇಕು. ಇದರಿಂದ ಒಂದು ಉಲ್ಲಂಘನೆಯನ್ನು ಒಪ್ಪಿದಂತಾದರೂ ಅದರ ಗಡಿ ಗುರುತಾಗುತ್ತದೆ. ತೋರಿಸಿದಾಕೆಗೂ ಸಾಮಾನ್ಯವಾಗಿ ಹೊಣೆಯಿರುತ್ತದೆಂಬುದನ್ನು ಆಕೆ ಮರೆಯಬಾರದು. ಸಾಕ್ಷ್ಯದಲ್ಲೂ ಎಚ್ಚರ ಬೇಕು: `git log` ತೋರಿಸುವ ಸಮಯ ಬರೆದವರದೇ ಗಣಕದಿಂದ ಬಂದದ್ದು, ಬದಲಿಸಲು ಬರುವಂಥದ್ದು, ಸರ್ವರ್ ದಾಖಲಿಸಿದ ಸಮಯಕ್ಕೆ ಹೆಚ್ಚು ತೂಕ.

ಈ ನಿಲುವನ್ನು ಒಪ್ಪದ ಸಲಹೆಗಾರರಿದ್ದಾರೆ. ರುಜುವಾತಿನ ಹೊಣೆ ವಿಶ್ವವಿದ್ಯಾಲಯದ್ದು, ಆದ್ದರಿಂದ ನಿರಾಕರಿಸಿ ಸುಮ್ಮನಿರಬೇಕು ಎಂಬುದು ಅವರ ವಾದ. ಹೊಣೆಯ ಕುರಿತ ಅವರ ಮಾತು ಸರಿ, ಅದರಿಂದ ಅವರು ತೆಗೆಯುವ ತೀರ್ಮಾನ ತಪ್ಪು. ಇಲ್ಲಿ ಸಾಮಾನ್ಯವಾಗಿ ನಡೆಯುವುದು ಸಂಭಾವ್ಯತೆಯ ತೂಗುವಿಕೆ, ಎಂದರೆ ನಡೆದಿಲ್ಲ ಎನ್ನುವುದಕ್ಕಿಂತ ನಡೆದಿದೆ ಎನ್ನುವುದೇ ಹೆಚ್ಚು ಸಂಭವನೀಯವೆಂದು ಕಂಡರೆ ಸಾಕು. ಕ್ರಿಮಿನಲ್ ನ್ಯಾಯಾಲಯದ ಅಳತೆ ಇಲ್ಲಿಲ್ಲ. ಒಂದೇ ಬಗೆಯ ತಪ್ಪು ಎರಡು ಕಡೆ ಕಂಡಾಗ ಬೇರೆ ವಿವರಣೆ ಯಾರೂ ಕೊಡದಿದ್ದರೆ ತಕ್ಕಡಿ ತಾನಾಗಿ ವಾಲುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ, ಮೊದಲೇ ಕ್ಷಮೆ ಕೇಳಿದರೆ ಸಮಿತಿ ಕರಗುತ್ತದೆ ಎನ್ನುವವರಿದ್ದಾರೆ. ಯಾವುದಕ್ಕೆ ಕ್ಷಮೆ ಎಂದು ಹೇಳದ ಕ್ಷಮಾಯಾಚನೆಯನ್ನು ಇಡೀ ಆರೋಪದ ಒಪ್ಪಿಗೆಯೆಂದು ಓದಲು ಯಾವ ಅಡ್ಡಿಯೂ ಇಲ್ಲವೆಂಬುದನ್ನು ಅವರು ಗಮನಿಸುವುದಿಲ್ಲ. ಮನೆಯ ಕಷ್ಟಗಳು ನಿಜವೇ ಇರಬಹುದು, ಅವನ್ನು ಹೇಳಿಕೊಳ್ಳುವುದರಲ್ಲಿ ಅವಮಾನವೂ ಇಲ್ಲ. ಆದರೆ ಅವು ಸಲ್ಲುವುದು ಉಲ್ಲಂಘನೆ ನಡೆಯಿತೆ ಎಂಬುದಕ್ಕಲ್ಲ, ದಂಡನೆ ಎಷ್ಟಿರಬೇಕೆಂಬುದಕ್ಕೆ. ಅವುಗಳ ಜಾಗ ಹೇಳಿಕೆಯ ಕೊನೆಯಲ್ಲಿ, ಪ್ರತ್ಯೇಕ ಶೀರ್ಷಿಕೆಯಡಿ.

ಮೊದಲ ಹೇಳಿಕೆಯಲ್ಲಿ ಬಿಟ್ಟದ್ದನ್ನು ಮುಂದೆ ಸೇರಿಸಬಹುದೆಂಬ ನಂಬಿಕೆಯೂ ದುರ್ಬಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ, ವಿಶ್ವವಿದ್ಯಾಲಯದ ಒಳಗಿನ ಮೇಲ್ಮನವಿ ಮುಗಿದ ಮೇಲೆ 12 ತಿಂಗಳೊಳಗೆ ಓಐಎ ಎಂಬ ಸ್ವತಂತ್ರ ದೂರು ಪರಿಶೀಲನಾ ಸಂಸ್ಥೆಗೆ ದೂರು ಕೊಡಬಹುದು. ಅದು ಮುಖ್ಯವಾಗಿ ನೋಡುವುದು ನಿಯಮದಂತೆ ನಡೆಯಿತೆ, ನಿರ್ಧಾರ ಸಮಂಜಸವೆ ಎಂಬುದನ್ನು. ಗ್ರಂಥಾಲಯದ ಆ ಹತ್ತು ನಿಮಿಷಗಳನ್ನು ಮತ್ತೆ ಮೊದಲಿನಿಂದ ವಿಚಾರಿಸುವುದು ಅದರ ಕೆಲಸವಲ್ಲ. "ಚರ್ಚಿಸಿದೆವು" ಎಂಬ ಪದದೊಳಗೆ ಮುಚ್ಚಿಹೋದ ಸಂಗತಿ ಅಲ್ಲಿಗೆ ತಲುಪುವ ಹೊತ್ತಿಗೆ ಕಡತದಲ್ಲಿ ಇರುವುದೇ ಇಲ್ಲ.