ಎರಡು ತಪ್ಪು, ಒಂದು ಮೆರಿಟ್ ಲಿಸ್ಟ್

ಕೌಂಟಿಂಗ್ ಸಾರ್ಟ್ ಎಷ್ಟು ದೊಡ್ಡ ವ್ಯಾಪ್ತಿಯವರೆಗೆ ಲಾಭ ಎಂಬುದನ್ನು ಈ ವಾರ ಬರೆಯುವುದಾಗಿ ಹೇಳಿದ್ದೆ. ಅದು ನಾಲ್ಕು ಸಾಲಿನ ಮಾತು, ಮೊದಲು ಮುಗಿಸಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಯ ಅಂಕ 0ಯಿಂದ 125. ಎಣಿಕೆಗೆ 126 ಮನೆ ಸಾಕು, ಮಕ್ಕಳು ಲಕ್ಷ ಇದ್ದರೂ ಅಷ್ಟೇ. ಅದೇ ಐನೂರು ಜನರ ಮೊಬೈಲ್ ನಂಬರನ್ನು ಹೀಗೆ ಜೋಡಿಸಲು ಹೊರಟರೆ ಸಾವಿರ ಕೋಟಿ ಮನೆ ಬೇಕು, ಮನೆಗೆ ನಾಲ್ಕು ಬೈಟ್ ಎಂದರೂ 40 ಜಿಬಿ. ಮನೆಗಳ ಸಂಖ್ಯೆ ದಾಖಲೆಗಳ ಸಂಖ್ಯೆಯ ಆಸುಪಾಸಿನಲ್ಲಿದ್ದರೆ ಬಳಸಿ, ಅದನ್ನು ಎಷ್ಟೋ ಪಟ್ಟು ಮೀರಿದರೆ ಬಿಡಿ. ಆಯಿತು.

ಈಗ ನಿಜವಾದ ವಿಷಯ. ಭಾನುವಾರ ಗೆಳೆಯನ ಮಗ ಮನೆಗೆ ಬಂದಿದ್ದ, ಇಂಟರ್‌ವ್ಯೂ ತಯಾರಿಯಲ್ಲಿದ್ದಾನೆ. ಕೌಂಟಿಂಗ್ ಸಾರ್ಟನ್ನು ಒಂದೇ ಉಸಿರಿಗೆ ಬರೆದು ತೋರಿಸಿದ.

"ಕೊನೆಯ ಲೂಪ್ ಹಿಂದಿನಿಂದ ಯಾಕೋ?"

"ಸ್ಟೇಬಲ್ ಆಗ್ಬೇಕಲ್ಲ ಅಂಕಲ್."

"ಮುಂದಿನಿಂದ ಬಂದ್ರೆ ಆಗಲ್ವಾ?"

"ಆಗಲ್ಲ. ಹಿಂದಿನಿಂದಾನೇ ಬರ್ಬೇಕು, ರೂಲು."

ಈ 'ರೂಲು' ಪಂಥದ ಮೇಲೆ ನನಗಿರುವ ಸಿಟ್ಟು ಹಳೆಯ ಓದುಗರಿಗೆ ಗೊತ್ತು. ಕೋಚಿಂಗ್ ತರಗತಿಗಳಲ್ಲಿ ಇದನ್ನು ಮಗ್ಗಿಯ ಹಾಗೆ ಉರು ಹೊಡೆಸುತ್ತಾರೆ. ಹುಡುಗನಿಗೆ ಕಾಗದ ಪೆನ್ಸಿಲ್ ಕೊಟ್ಟು, ಎಂಟು ಮಕ್ಕಳ ಉಕ್ತಲೇಖನದ ಅಂಕ ಬರೆಸಿದೆ. ಐದಕ್ಕೆ ಇಷ್ಟು ಎಂದು, ಹಾಜರಿ ಪುಸ್ತಕದ ಕ್ರಮದಲ್ಲೇ: ಅನಿಲ 3, ಇಂದಿರಾ 5, ಉಮೇಶ 3, ಕಮಲ 1, ಗಿರೀಶ 5, ನಾಗರಾಜ 3, ಮಂಜುಳಾ 0, ಸುಮಾ 1.

ಎಣಿಸಿದರೆ ಸೊನ್ನೆ ಒಬ್ಬರು, ಒಂದು ಇಬ್ಬರು, ಎರಡು ಯಾರೂ ಇಲ್ಲ, ಮೂರು ಮೂವರು, ನಾಲ್ಕು ಯಾರೂ ಇಲ್ಲ, ಐದು ಇಬ್ಬರು. ಬರೀ ಅಂಕಗಳನ್ನು ಜೋಡಿಸುವುದಾದರೆ ಕೆಲಸ ಇಲ್ಲಿಗೇ ಮುಗಿಯಿತು: ಒಂದು ಸೊನ್ನೆ, ಎರಡು ಒಂದು, ಮೂರು ಮೂರು ಎಂದು ಬರೆಯುತ್ತಾ ಹೋದರಾಯಿತು. ಆದರೆ ಅಂಕದ ಹಿಂದೆ ಮಗು ಇದೆ, ಹೆಸರಿದೆ. ಹಾಗಾಗಿ ಎಣಿಕೆಯನ್ನು ಕೂಡುತ್ತಾ ಹೋಗಬೇಕು: 1, 3, 3, 6, 6, 8. ಮೂರು ಅಂಕದ ಎದುರಿಗಿರುವ 6 ಏನು ಹೇಳುತ್ತದೆ? ಮೂರು ತೆಗೆದವರ ಪಂಕ್ತಿ 6ನೇ ಎಲೆಗೆ ಮುಗಿಯುತ್ತದೆ ಎಂದು. ಹಿಂದಿನ ಮೊತ್ತ 3, ಆದ್ದರಿಂದ ಅವರ ಎಲೆಗಳು 4, 5, 6.

ಕೂಡಿದ ಮೊತ್ತ ತೋರಿಸುವುದು ಪಂಕ್ತಿಯ ಕೊನೆಯ ಎಲೆಯನ್ನು. ಕೊನೆಯಿಂದ ತುಂಬಿಸಬೇಕೆಂದರೆ ಕೊನೆಗೆ ಬಂದವರನ್ನೇ ಮೊದಲು ಕೂರಿಸಬೇಕು. ನಾಗರಾಜ 6ಕ್ಕೆ, ಉಮೇಶ 5ಕ್ಕೆ, ಅನಿಲ 4ಕ್ಕೆ. ಹಾಜರಿ ಪುಸ್ತಕದ ಕ್ರಮ ಉಳಿಯಿತು. ಹಿಂದಿನಿಂದ ಬರುವುದಕ್ಕೆ ಕಾರಣ ಇಷ್ಟೇ. ಕೊನೆಯ ಎಲೆಯ ಬದಲು ಮೊದಲನೆಯದನ್ನು ಗುರುತು ಹಾಕಿಕೊಂಡರೆ ಮುಂದಿನಿಂದಲೇ ಬರಬಹುದು:

```
# c[m]: ಪಂಕ್ತಿ ಮುಗಿಯುವ ಜಾಗ
for r in reversed(recs):
    c[r.marks] -= 1
    out[c[r.marks]] = r

# s[m]: ಪಂಕ್ತಿ ಶುರುವಾಗುವ ಜಾಗ
for r in recs:
    out[s[r.marks]] = r
    s[r.marks] += 1
```

ಎರಡೂ ಸ್ಟೇಬಲ್. ನನಗೆ ಎರಡನೆಯದೇ ಇಷ್ಟ, ಫೈಲಿನಿಂದ ದಾಖಲೆ ಓದುವಾಗ ಹಿಂದಕ್ಕೆ ಓದುವ ಪಾಡಿಲ್ಲ. ಕನೂತ್ ಅವರ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಮೂರನೇ ಸಂಪುಟದಲ್ಲಿ (1973) ಇರುವುದು ಮೊದಲನೆಯ ರೀತಿ. ಈ ವಿಧಾನವನ್ನು ಅವರು ಎಂಐಟಿಯ ಹೆರಾಲ್ಡ್ ಸೀವರ್ಡ್ 1954ರಲ್ಲಿ ಬರೆದ ಪ್ರಬಂಧಕ್ಕೆ ಸಲ್ಲಿಸುತ್ತಾರೆ. ಕನೂತರ ದಾರಿ ಸರಿಯಾದ ದಾರಿ. ಅದೊಂದೇ ದಾರಿ ಎಂದು ಉರು ಹೊಡೆಸಿದ್ದು ಆಮೇಲಿನವರು.

ಇಷ್ಟಕ್ಕೇ ಯಾಕೆ ಸಿಟ್ಟು ಎನ್ನುವವರಿಗೆ ನನ್ನದೇ ಹಳೆಯ ಅವಮಾನವೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾಲೇಜಿಗೆ ಮೆರಿಟ್ ಲಿಸ್ಟ್ ತೆಗೆಯುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹೆಚ್ಚು ಅಂಕದವರು ಮೇಲೆ, ಅಂಕ ಸಮನಾದರೆ ಅರ್ಜಿ ಮೊದಲು ಕೊಟ್ಟವರು ಮೇಲೆ. ದಾಖಲೆಗಳು ಅರ್ಜಿಯ ಕ್ರಮದಲ್ಲೇ ಬರುತ್ತಿದ್ದವು. ನಾನು ಕೂಡಿದ ಮೊತ್ತವನ್ನೇ ಇಟ್ಟುಕೊಂಡು ಮುಂದಿನಿಂದ ಬಂದಿದ್ದೆ. ಅಂದರೆ ಅನಿಲ 6ನೇ ಎಲೆಗೆ, ನಾಗರಾಜ 4ನೇ ಎಲೆಗೆ, ಪ್ರತಿ ಪಂಕ್ತಿಯೂ ತಲೆಕೆಳಗು. ಇಳಿಕೆ ಕ್ರಮ ಬೇಕಿತ್ತಲ್ಲ, ಕೊನೆಯಲ್ಲಿ ಇಡೀ ಪಟ್ಟಿಯನ್ನು ತಿರುಗಿಸಿ ಪ್ರಿಂಟ್ ಮಾಡುತ್ತಿದ್ದೆ. ಹಾಗೆ ತಿರುಗಿಸಿದಾಗ ತಲೆಕೆಳಗಾಗಿದ್ದ ಪಂಕ್ತಿಗಳೂ ತಿರುಗಿ ನೆಟ್ಟಗಾಗುತ್ತಿದ್ದವು! ನಮ್ಮ ಎಂಟು ಮಕ್ಕಳ ಮೇಲೆ ಮಾಡಿ ನೋಡಿ: ಇಂದಿರಾ, ಗಿರೀಶ, ಅನಿಲ, ಉಮೇಶ, ನಾಗರಾಜ, ಕಮಲ, ಸುಮಾ, ಮಂಜುಳಾ. ಒಂದು ಹೆಸರೂ ತಪ್ಪಿಲ್ಲ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಮೂರು ವರ್ಷ ನನ್ನ ಮಾನ ಕಾಪಾಡಿದವು.

ನಾಲ್ಕನೇ ವರ್ಷ ಕಡಿಮೆ ಅಂಕದವರಿಗೆ ವಿಶೇಷ ತರಗತಿ ಎಂದು ಏರಿಕೆ ಕ್ರಮದ ಪಟ್ಟಿ ಕೇಳಿದರು. ತಿರುಗಿಸುವ ಸಾಲು ತೆಗೆದೆ, ಕೊಟ್ಟೆ. ಮರುದಿನ ಗುಮಾಸ್ತರೊಬ್ಬರು ಪಟ್ಟಿ ಹಿಡಿದುಕೊಂಡು ಬಂದರು: "ಸಾರ್, ಒಂದೇ ಮಾರ್ಕ್ಸ್ ಇರೋರಲ್ಲಿ ಕೊನೇಗೆ ಅರ್ಜಿ ಹಾಕಿದವನು ಮೇಲೆ ಬಂದಿದಾನಲ್ಲ?"

ಈ ತಪ್ಪು ಅಷ್ಟು ದಿನ ಅಡಗಿಕೊಂಡಿದ್ದು ಹೇಗೆ? ನಾನು ಪರೀಕ್ಷೆ ಮಾಡಿದ್ದೆಲ್ಲ ಬರಿಯ ಸಂಖ್ಯೆಗಳ ಮೇಲೆ. 3, 3, 3ರಲ್ಲಿ ಯಾವ ಮೂರು ಯಾರದೆಂದು ಯಾರು ಬಲ್ಲರು? ಸ್ಟೇಬಲ್ ಹೌದೋ ಅಲ್ಲವೋ ಎಂಬುದು ದಾಖಲೆಯ ಜೊತೆ ಕ್ರಮಸಂಖ್ಯೆಯನ್ನೂ ಕಟ್ಟಿ, ಅಂಕ ಸಮನಾದವರಲ್ಲಿ ಆ ಸಂಖ್ಯೆ ಏರುತ್ತಿದೆಯೇ ಎಂದು ನೋಡಿದರೆ ಕಾಣುತ್ತದೆ. ಇನ್ನೊಂದು ಉಪಾಯ, ಅದೇ ಲೂಪನ್ನು ರ‍್ಯಾಡಿಕ್ಸ್ ಸಾರ್ಟ್‌ನೊಳಗೆ ಹಾಕುವುದು. 31, 32 ಎರಡನ್ನೇ ಕೊಡಿ. ಬಿಡಿಯ ಸ್ಥಾನದ ಸುತ್ತಿನಲ್ಲಿ 31, 32 ಎಂದೇ ಬರುತ್ತವೆ. ಹತ್ತರ ಸುತ್ತಿನಲ್ಲಿ ಎರಡರದ್ದೂ ಅಂಕಿ 3, ತಲೆಕೆಳಗು ಮಾಡುವ ಲೂಪ್ ಅವನ್ನು 32, 31 ಮಾಡಿಬಿಡುತ್ತದೆ. ಕಳ್ಳ ಬರಿಯ ಸಂಖ್ಯೆಯಲ್ಲೂ ಸಿಕ್ಕಿಬೀಳುವುದು ಇಲ್ಲಿ ಮಾತ್ರ.

ಇಳಿಕೆ ಕ್ರಮ ಬೇಕಾದವರು ಪಟ್ಟಿಯನ್ನು ತಿರುಗಿಸಬೇಡಿ. ಎಣಿಸುವಾಗಲೂ ಕೂರಿಸುವಾಗಲೂ ಅಂಕದ ಬದಲು `125 - r.marks` ಬಳಸಿ. 125 ತೆಗೆದವರು ಸೊನ್ನೆಯ ಮನೆಗೆ ಬರುತ್ತಾರೆ, ಸಮ ಅಂಕದವರ ಸರದಿ ಕೆಡುವುದಿಲ್ಲ.

ಕಾಫಿ ಮುಗಿಯುವ ಹೊತ್ತಿಗೆ ಹುಡುಗ ಎರಡೂ ಲೂಪ್ ಬರೆದು, ಬೆರಕೆ ಮಾಡಿದರೆ ಏನಾಗುತ್ತದೆಂದು ತಾನೇ ಕಂಡುಕೊಂಡ. ಹೊರಡುವಾಗ ಬಾಗಿಲಲ್ಲಿ ಕೇಳಿದ, "ಗೈರುಹಾಜರಾದವರಿಗೆ ಮೈನಸ್ ಒಂದು ಹಾಕಿರ್ತಾರಲ್ಲ ಅಂಕಲ್, ಅದೆಲ್ಲಿಗೆ ಹೋಗುತ್ತೆ?" ಒಳ್ಳೆಯ ಪ್ರಶ್ನೆ. ಸಿ ಭಾಷೆಯಲ್ಲಿ ಅದು ಅರೇಯ ಹೊರಗಿನ ಜಾಗವನ್ನು ಮುಟ್ಟುತ್ತದೆ, ಏನಾಗುತ್ತದೆಂದು ಹೇಳಲು ಬಾರದು. ಪೈಥಾನ್‌ನಲ್ಲಿ ಪ್ರೋಗ್ರಾಂ ಗೊಣಗುವುದೂ ಇಲ್ಲ. ಅಲ್ಲಿ `c[-1]` ಎಂದರೆ ಕೊನೆಯ ಮನೆ. ಪರೀಕ್ಷೆಗೇ ಬಾರದ ಹುಡುಗ 125 ತೆಗೆದವರ ಪಂಕ್ತಿಯಲ್ಲಿ ಕೂತಿರುತ್ತಾನೆ.