ಕಾಯಕದ ವಚನ: ಹೊಗಳಿಕೆಯೂ ಲೆಕ್ಕವೂ

ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದ ಮೇಲೆ ಹನ್ನೆರಡನೆಯ ಶತಮಾನದ ವಚನಗಳು ಮಠದ ಓಲೆಗರಿಗಳಿಂದ ಮನೆಮನೆಗೆ ಬಂದವು. ಅವುಗಳ ಜೊತೆಗೆ ಹೊಸ ವಚನ ಬರೆಯುವ ಆಸೆಯೂ ಬಂತು. ಎಸ್.ವಿ. ರಂಗಣ್ಣನವರ ‘ರಂಗಬಿನ್ನಪ’ಕ್ಕೆ 1965ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಸಿದ್ಧಯ್ಯ ಪುರಾಣಿಕರಂಥ ಕವಿಗಳೂ ತಮ್ಮದೇ ಅಂಕಿತವಿಟ್ಟು ವಚನ ಬರೆದರು. ಇವತ್ತು ದುಡಿಮೆಯ ಬಗ್ಗೆ ಬರೆಯುವ ಮುಕ್ತಛಂದದ ಪದ್ಯಗಳಲ್ಲಿ ಎಷ್ಟೋ ಈ ಹೊಸ ವಚನದ ಸಾಲಿಗೇ ಸೇರುತ್ತವೆ. ಅವುಗಳಲ್ಲಿ ಬಹುಪಾಲು ಸೋಲುವುದು ಭಾಷೆಯ ಬಡತನದಿಂದಲ್ಲ. ಹಳೆಯ ವಚನಕಾರರು ಕೆಲಸವನ್ನು ಹೊಗಳಲು ಕೂತವರಲ್ಲ, ಕೆಲಸದ ಲೆಕ್ಕ ಕೇಳಲು ಕೂತವರು. ಹೊಸಬರು ಆ ಲೆಕ್ಕವನ್ನು ಬಿಟ್ಟು ಹೊಗಳಿಕೆಯನ್ನಷ್ಟೇ ಎತ್ತಿಕೊಂಡರು. ಸರಳ ಮಾತು ಅವರ ಕೈಯಲ್ಲಿ ಸಪ್ಪೆಯಾದದ್ದು ಅದರಿಂದ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರನ್ನೇ ನೋಡಿ. ಕಾಯಕವನ್ನು ಕೈಲಾಸವೆಂದ ಮಾತನ್ನು ಜನ ಬಸವಣ್ಣನ ಹೆಸರಿಗೆ ಬರೆಯುತ್ತಾರೆ; ಅದು ನಿಜವಾಗಿ ಇರುವುದು ಈ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಲಕ್ಕಮ್ಮ ಮೆಚ್ಚುವುದಿಲ್ಲ. ಈ ಹೆಚ್ಚಳ ಯಾರ ಮನಸ್ಸಿನಿಂದ ಬಂತೆಂದು ವಿಚಾರಿಸುತ್ತಾಳೆ, ಆಸೆ ಅರಸರಿಗೆ ಇರಲಿ, ಶಿವಭಕ್ತರಿಗೆ ಸಲ್ಲದು ಎನ್ನುತ್ತಾಳೆ, ತಂದಲ್ಲಿಗೇ ಹೋಗಿ ಸುರಿದು ಬಾ ಎಂದು ಕಳಿಸುತ್ತಾಳೆ. ಮಾರಯ್ಯ ಕದ್ದವನಲ್ಲ, ಸೋಮಾರಿಯೂ ಅಲ್ಲ, ದುಡಿದೇ ತಂದಿದ್ದಾನೆ. ನಮ್ಮ ಕಾಲದ ಪದ್ಯ ಅಷ್ಟಕ್ಕೇ ಅವನಿಗೆ ಹಾರ ಹಾಕಿ ಮುಗಿಸುತ್ತಿತ್ತು. ಲಕ್ಕಮ್ಮನ ಮಾತು ಶುರುವಾಗುವುದೇ ಅಲ್ಲಿಂದ: ದುಡಿಮೆ ಪ್ರಾಮಾಣಿಕವಾಗಿದ್ದರೂ ಅದರ ಅಳತೆ ತಪ್ಪಬಹುದು. ಈ ತಪ್ಪನ್ನು ತೋರಿಸಲು ಆಕೆಗೆ ತತ್ವದ ಪರಿಭಾಷೆ ಬೇಕಾಗಲಿಲ್ಲ. ಅಕ್ಕಿಯ ಪ್ರಮಾಣ, ಅದನ್ನು ತಂದ ಜಾಗ, ಹಿಂತಿರುಗಿ ಹೋಗಬೇಕಾದ ಗಂಡ, ಇಷ್ಟೇ ಸಾಕಾಯಿತು. ಅಕ್ಕಿಯ ಬದಲು ‘ಸಂಪತ್ತು’ ಎಂದು ಬರೆದು ನೋಡಿದರೆ ಆ ಮಾತು ಅಲ್ಲೇ ಸತ್ತುಹೋಗುತ್ತದೆ.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಹಳೆಯ ಕಾಯಕದ ವಚನಗಳಲ್ಲೂ ಎಷ್ಟೋ ಕಡೆ ಉಪಕರಣ ಬರುವುದು ರೂಪಕಕ್ಕಾಗಿ ಮಾತ್ರ, ಅಂಬಿಗನ ದೋಣಿ ಭವಸಾಗರವನ್ನು ದಾಟಿಸುತ್ತದೆ, ಮಡಿವಾಳನ ಕೈಯಲ್ಲಿ ಮನಸ್ಸಿನ ಮೈಲಿಗೆ ಹೋಗುತ್ತದೆ, ಹಾಗಿರುವಾಗ ಹೊಸಬರ ಮೇಲೇಕೆ ಈ ದೂರು ಎಂದು ಕೇಳಬಹುದು. ರೂಪಕ ಇದೆ ಎಂಬುದು ನಿಜ. ಆದರೆ ಕದಿರ ರೆಮ್ಮವ್ವೆ ತನ್ನ ರಾಟೆಯ ಬಗ್ಗೆ ಹೇಳಿದ್ದನ್ನು ಗಮನಿಸಬೇಕು. ರಾಟೆಯ ಅಡಿಯ ಹಲಗೆಯನ್ನು ಆಕೆ ಬ್ರಹ್ಮನಿಗೆ ಕೊಡುತ್ತಾಳೆ, ತೋರಣವನ್ನು ವಿಷ್ಣುವಿಗೆ, ನಿಂತ ಬೊಂಬೆಯನ್ನು ರುದ್ರನಿಗೆ. ಕದಿರು ಅರಿವಾಗುತ್ತದೆ, ತಿರುಗಿಸುವ ಕೈ ಭಕ್ತಿಯಾಗುತ್ತದೆ. ಇಲ್ಲಿಗೆ ನಿಂತಿದ್ದರೆ ಅದು ಜಾಣ ಜೋಡಣೆಯಷ್ಟೇ ಆಗುತ್ತಿತ್ತು. ಅವಳು ನಿಲ್ಲುವುದಿಲ್ಲ. ನೂಲು ಸುತ್ತಿ ಕದಿರು ತುಂಬಿದೆ, ಇನ್ನು ತಿರುಗಿಸಲಾರೆ, ಗಂಡ ಹೊಡೆದಾನು, ಏನು ಮಾಡಲಿ ಎಂದು ತನ್ನ ದೇವರನ್ನು ಕೇಳುತ್ತಾಳೆ. ಕದಿರು ತುಂಬಿದ ಮೇಲೆ ರಾಟೆ ತಿರುಗಿಸಿ ಪ್ರಯೋಜನವಿಲ್ಲ ಎನ್ನುವುದು ನೂಲುವವರಿಗೆ ತಿಳಿದ ಸಂಗತಿ. ಅರಿವು ತುಂಬಿದ ಮೇಲೆ ಸಾಧನೆ ನಿಲ್ಲುತ್ತದೆ ಎಂಬ ಅರ್ಥವನ್ನು ಆ ಸಂಗತಿಯೇ ಹೊತ್ತಿದೆ. ಏಟಿನ ಭಯವನ್ನೂ ಆಕೆ ಮುಚ್ಚಿಟ್ಟಿಲ್ಲ. ರೂಪಕ ಎಷ್ಟು ಮೇಲೆ ಹೋದರೂ ಕೊನೆಗೆ ಮನೆಯೊಳಗೇ ಇಳಿಯುತ್ತದೆ. ಹೊಸ ವಚನದ ರೂಪಕ ಮೇಲೇರಿದ್ದು ಇಳಿಯುವುದೇ ಇಲ್ಲ.

ಬರೆಯುವವರಿಗೆ ಇದರಿಂದ ಏನು ಸಿಗುತ್ತದೆಂದು ನೋಡಲು ದರ್ಜಿಯ ಕೆಲಸವನ್ನು ತೆಗೆದುಕೊಳ್ಳೋಣ. ಸೂಜಿಯೇ ಪೂಜೆ, ದಾರವೇ ದೇವರು, ಹೊಲಿಗೆಯೇ ಶಿವಯೋಗ ಎಂಬ ಧಾಟಿ ಮೊದಲು ಕೈಗೆ ಬರುತ್ತದೆ. ಸೂಜಿಯ ಜಾಗದಲ್ಲಿ ನೇಗಿಲನ್ನೋ ಲೇಖನಿಯನ್ನೋ ಇಟ್ಟರೂ ಈ ಸಾಲು ಹಾಗೇ ನಿಲ್ಲುತ್ತದೆ. ಉಪಕರಣ ಬದಲಾದರೂ ಅಲುಗದ ಪದ್ಯದಲ್ಲಿ ಕೆಲಸವೇ ಇಲ್ಲವೆಂದು ಧೈರ್ಯವಾಗಿ ಹೇಳಬಹುದು. ದರ್ಜಿಯ ಪ್ರಾಮಾಣಿಕತೆಗೆ ಪರೀಕ್ಷೆ ಎಲ್ಲಿ ಬರುತ್ತದೆ? ಕತ್ತರಿಸಿ ಉಳಿದ ಬಟ್ಟೆಯಲ್ಲಿ ಬರುತ್ತದೆ. ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲೆಂದು ಒಳಹೊಲಿಗೆಯಲ್ಲಿ ಬಿಡುವ, ಯಾರಿಗೂ ಕಾಣದ ಅಂಚಿನಲ್ಲಿ ಬರುತ್ತದೆ. ಹಬ್ಬದ ಮುನ್ನಾದಿನಕ್ಕೆ ಒಪ್ಪಿಕೊಂಡ ಮಾತಿನಲ್ಲಿ ಬರುತ್ತದೆ. ಅಲ್ಲಿಂದ ಹೊರಟರೆ ಪದ್ಯ ಹೀಗೆ ಬರಬಹುದು:

ಕತ್ತರಿ ತಪ್ಪಿದ್ದು ನನ್ನ ಕೈಯಲ್ಲಿ,
ಬಟ್ಟೆ ಕಡಿಮೆ ತಂದಿರಿ ಎಂದದ್ದು ನನ್ನ ಬಾಯಿ.
ಉಳಿದ ಗೇಣು ಬಟ್ಟೆ ಕೇಳದೆ ಇಟ್ಟುಕೊಂಡೆ,
ಕೇಳಿದ್ದರೆ ಆಕೆ ಕೊಡುತ್ತಿದ್ದಳು.
ಮೈ ತುಂಬಿದಾಗ ಬಿಚ್ಚಿಕೊಳ್ಳಲೆಂದು
ಒಳಗೆ ಬೆರಳಗಲ ಬಿಟ್ಟಿದ್ದೇನಯ್ಯಾ,
ಹೊರಗಿನ ಹೊಲಿಗೆಯನ್ನು ಊರು ನೋಡಲಿ,
ಒಳಗಿನದನ್ನು ನೀನು ನೋಡು.

ಇದು ದೊಡ್ಡ ಪದ್ಯವೇನಲ್ಲ. ದಾರಿ ತೋರಿಸಲು ಇಷ್ಟು ಸಾಕು. ಇದರಲ್ಲಿ ‘ಪೂಜೆ’ ಎಂಬ ಮಾತು ಬಂದಿಲ್ಲ. ಒಬ್ಬರೂ ನೋಡದ ಕಡೆ ಒಬ್ಬನು ನೋಡುತ್ತಾನೆಂದು ನಂಬಿ ಮಾಡಿದ ಕೆಲಸದಲ್ಲೇ ಪೂಜೆ ಇದೆ. ಲಯ ಬಂದಿರುವುದು ಪ್ರಾಸದಿಂದಲ್ಲ, ಕೈ ಮತ್ತು ಬಾಯಿ, ಹೊರಗು ಮತ್ತು ಒಳಗು ಎಂಬ ಎದುರುಬದುರು ವಾಕ್ಯಗಳಿಂದ. ಹಳೆಯ ವಚನಗಳ ಗದ್ಯ ಹಾಡಿನಂತೆ ಕೇಳುವುದೂ ಬಹುಮಟ್ಟಿಗೆ ಇಂಥ ಸಮಾನ ವಾಕ್ಯಗಳಿಂದಲೇ. ‘ನೀನು’ ಎಂದು ಕರೆದದ್ದರಿಂದ ಹೇಳುವವನು ಒಬ್ಬರ ಮುಂದೆ ಉತ್ತರ ಕೊಡಬೇಕಾಗುತ್ತದೆ. ಅಂಕಿತದ ಕೆಲಸವೂ ಅದೇ. ಅಂಬಿಗರ ಚೌಡಯ್ಯ ದೇವರ ಹೆಸರಿನ ಬದಲು ತನ್ನ ಹೆಸರನ್ನೇ ಇಟ್ಟು ಆಡಿದ ಮಾತಿಗೆ ತಾನೇ ಹೊಣೆಯಾದ. ಹೀಗೆ ಯಾರಾದರೂ ಹೊಣೆ ಹೊರದೆ ಕೊನೆಯ ಸಾಲಿಗೆ ಒಂದು ಇಂಪಾದ ದೇವರ ಹೆಸರು ಅಂಟಿಸಿದರೆ ಅದು ಬರೀ ಮುದ್ರೆಯಾಗುತ್ತದೆ.

ಇನ್ನೊಂದು ಆಕ್ಷೇಪ ಮೊದಲಿನದಕ್ಕಿಂತ ಕಠಿಣ. ದುಡಿಮೆಯನ್ನು ದೈವಕ್ಕೇರಿಸುವ ಮಾತು ದುಡಿಸಿಕೊಳ್ಳುವವರಿಗೆ ಅನುಕೂಲ, ಹುಟ್ಟಿನಿಂದ ಬಂದ ಕಸುಬಿಗೇ ಜನರನ್ನು ಕಟ್ಟಿಹಾಕಲು ಅದು ನೆರವಾಗುತ್ತದೆ ಎನ್ನುತ್ತಾರೆ. ಹೆಸರಿನ ಹಿಂದೆ ಕಸುಬು ಹೊತ್ತ ಶರಣರನೇಕರು ಕಲ್ಯಾಣದಲ್ಲೂ ಅದೇ ಕಸುಬಿನಲ್ಲಿದ್ದರು ಎಂಬುದನ್ನು ಅಲ್ಲಗಳೆಯಲಾಗದು. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯ ಸೌದೆ ಹೊತ್ತ ಕಥೆ ಆಯ್ಕೆಯ ಕಾಯಕವನ್ನು ತೋರಿಸುತ್ತದೆ, ಆದರೆ ಅದು ಮೇಲಿನಿಂದ ಕೆಳಗೆ ಇಳಿದವನ ಆಯ್ಕೆ. ಈ ಮಿತಿಯನ್ನು ಒಪ್ಪಬೇಕು. ಲಕ್ಕಮ್ಮನ ಅಳತೆಗೋಲು ತನ್ನ ಮನೆಗೆ ಬಂದ ಅಕ್ಕಿಯನ್ನು ಅಳೆಯುತ್ತದೆ. ಕೂಲಿ ಎಷ್ಟು ಸಲ್ಲಬೇಕೆಂದು ಅಲ್ಲಿ ಕೇಳಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೂತ ಹೆಣ್ಣುಮಗಳ ಮುಂದೆ ಈ ಮಿತಿ ಎದ್ದು ಕಾಣುತ್ತದೆ. ಆಕೆ ಇಡೀ ಅಂಗಿ ಹೊಲಿಯುವುದಿಲ್ಲ, ದಿನವಿಡೀ ಕಾಲರನ್ನೋ ತೋಳನ್ನೋ ಕೂಡಿಸುತ್ತಾಳೆ. ಉಳಿದ ಬಟ್ಟೆ ಆಕೆಯದಲ್ಲ, ಒಳಗೆ ಎಷ್ಟು ಬಿಡಬೇಕೆಂಬ ತೀರ್ಮಾನವೂ ಆಕೆಯದಲ್ಲ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಹೇರಿದವರು ಬೇರೆ. ನನ್ನ ದರ್ಜಿಯ ಪದ್ಯವನ್ನು ಆಕೆಯ ಬಾಯಲ್ಲಿಟ್ಟರೆ ಅದು ಸುಳ್ಳಾಗುತ್ತದೆ, ಆಕೆಗೆ ಅನ್ಯಾಯವೂ ಆಗುತ್ತದೆ. ಅಲ್ಲಿ ಲೆಕ್ಕ ಕೊಡಬೇಕಾದವರು ಟಾರ್ಗೆಟ್ ಇಟ್ಟವರು. ಅವರನ್ನು ನಿಲ್ಲಿಸಿ ಕೇಳುವ ಬಿರುಸು ಚೌಡಯ್ಯನ ಮಾತಿನಲ್ಲಿ ಬೇಕಾದಷ್ಟಿದೆ. ಕಾಯಕದ ಹೊಸ ವಚನ ಬರೆಯುವವರು ಅದನ್ನು ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ.